ಪದಕ ಗೆದ್ದ ಮೇಲಿನ ಮೂರು ನಿಮಿಷ: ನನ್ನ ಧನ್ಯವಾದದ ಮಾತು ಸಿದ್ಧವಾದ ಬಗೆ

ಹಾವೇರಿಯಲ್ಲಿ ನಡೆದ ಪದವಿ ಪೂರ್ವ ಕಾಲೇಜುಗಳ ಜಿಲ್ಲಾ ಮಟ್ಟದ ಕ್ರೀಡಾಕೂಟದಲ್ಲಿ, ಬಾಲಕಿಯರ ಟ್ರಿಪಲ್ ಜಂಪ್ ಸ್ಪರ್ಧೆಯಲ್ಲಿ ನನಗೆ ಬೆಳ್ಳಿ ಪದಕ ಬಂತು. ಅದಾದ ಮರುವಾರ ನಮ್ಮ ಕಾಲೇಜಿನವರು ಸನ್ಮಾನ ಸಮಾರಂಭವನ್ನು ಇಟ್ಟುಕೊಂಡು, ಶಾಲು ಹೊದಿಸಿದ ಮೇಲೆ ನಾನು ಮೂರು ನಿಮಿಷ ಮಾತನಾಡಬೇಕೆಂದು ತಿಳಿಸಿದರು. ನಾನು ಅದುವರೆಗೆ ವೇದಿಕೆಯ ಮೇಲೆ ಪ್ರಾರ್ಥನೆ ಹಾಡಿದ್ದೆನೇ ಹೊರತು ನನ್ನದೇ ಮಾತನ್ನು ಆಡಿದವಳಲ್ಲ. ಆ ಮಾತನ್ನು ನಾನು ಹೇಗೆ ಸಿದ್ಧಪಡಿಸಿದೆ, ಏನನ್ನು ಸೇರಿಸಿದೆ, ಏನನ್ನು ಬಿಟ್ಟೆ, ವೇದಿಕೆಯ ಮೇಲೆ ಅದು ಹೇಗೆ ನಡೆಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದೇ ಸ್ಥಿತಿಯಲ್ಲಿ ನಿಲ್ಲುವ ಇನ್ನೊಬ್ಬ ಕ್ರೀಡಾಪಟುವಿಗೆ ಇದರಿಂದ ಉಪಯೋಗವಾದೀತು ಎಂಬುದು ನನ್ನ ನಂಬಿಕೆ.

ಮೊದಲು ನಾನು ಮಾಡಿದ ಕೆಲಸವೆಂದರೆ ನಮ್ಮ ಕಾಲೇಜಿನ ಸಮಾರಂಭಗಳು ಹೇಗೆ ನಡೆಯುತ್ತವೆ ಎಂಬುದನ್ನು ನೆನಪಿಸಿಕೊಂಡದ್ದು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ದೀಪ ಬೆಳಗುವುದು, ಸನ್ಮಾನ, ಅತಿಥಿಗಳ ಮಾತು, ಅಧ್ಯಕ್ಷರ ಮಾತು, ಕೊನೆಗೆ ವಂದನಾರ್ಪಣೆ, ಹೀಗೆ ಒಂದು ಸಿದ್ಧ ಕ್ರಮವಿದೆ. ಸ್ವಾಗತ ಮಾಡುವವರು ವೇದಿಕೆಯ ಮೇಲಿರುವ ಪ್ರತಿಯೊಬ್ಬರ ಹೆಸರನ್ನೂ ಹುದ್ದೆಯನ್ನೂ ಹೇಳಿ ಹೂಗುಚ್ಛ ಕೊಡಿಸುತ್ತಾರೆ. ವಂದನಾರ್ಪಣೆ ಮಾಡುವವರು ಅದೇ ಹೆಸರುಗಳನ್ನು ಮತ್ತೊಮ್ಮೆ ಹೇಳಿ, ಶಾಮಿಯಾನದವರು, ಮೈಕಿನವರು, ಪತ್ರಕರ್ತರು ಯಾರನ್ನೂ ಬಿಡದೆ ಸ್ಮರಿಸುತ್ತಾರೆ. ಆ ಕೆಲಸ ಅವರದು, ಅವರು ಅದನ್ನು ಸರಿಯಾಗಿಯೇ ಮಾಡುತ್ತಾರೆ. ಹಾಗಿರುವಾಗ ಪದಕ ಗೆದ್ದವಳೂ ಎದ್ದು ನಿಂತು ಅದೇ ಪಟ್ಟಿಯನ್ನು ಮೂರನೆಯ ಸಲ ಓದಿದರೆ, ಅವಳೇ ಹೇಳಬೇಕಾದ ಮಾತಿಗೆ ಸಮಯವೇ ಉಳಿಯುವುದಿಲ್ಲ. ನನ್ನ ಪದಕದ ಹಿಂದೆ ಯಾರು ಏನು ಮಾಡಿದರು ಎಂಬುದು ನನಗೆ ಮಾತ್ರ ಗೊತ್ತಿರುವ ಸಂಗತಿ, ಆದ್ದರಿಂದ ಆ ಮೂರು ನಿಮಿಷ ಅದಕ್ಕೇ ಮೀಸಲು ಎಂದು ಆರಂಭದಲ್ಲಿಯೇ ನಿಶ್ಚಯಿಸಿಕೊಂಡೆ.

ಮೂರು ನಿಮಿಷದಲ್ಲಿ ಎಷ್ಟು ಮಾತು ಹಿಡಿಸುತ್ತದೆ ಎಂಬುದನ್ನು ಅಂದಾಜಿಗೆ ಬಿಡದೆ ಅಳೆದು ನೋಡಿದೆ. ಪಠ್ಯಪುಸ್ತಕದ ಒಂದು ಪುಟವನ್ನು ವೇದಿಕೆಯ ಮೇಲೆ ಓದುವ ನಿಧಾನಗತಿಯಲ್ಲಿ ಓದಿ, ಅಣ್ಣನ ಮೊಬೈಲಿನಲ್ಲಿ ಧ್ವನಿಮುದ್ರಣ ಮಾಡಿ, ಒಂದು ನಿಮಿಷಕ್ಕೆ ಎಷ್ಟು ಪದ ಬಂತೆಂದು ಎಣಿಸಿದೆ. ನನ್ನ ವೇಗಕ್ಕೆ ಸುಮಾರು 90 ಪದ ಬಂತು. ಕನ್ನಡದ ಪದಗಳು ವಿಭಕ್ತಿ ಪ್ರತ್ಯಯಗಳನ್ನು ಸೇರಿಸಿಕೊಂಡು ಉದ್ದವಾಗುವುದರಿಂದ ಅದಕ್ಕಿಂತ ಹೆಚ್ಚು ತುರುಕಿದರೆ ಮಾತು ಓಟವಾಗುತ್ತದೆ, ಹಿಂದಿನ ಸಾಲಿನವರಿಗೆ ಅರ್ಥವಾಗುವುದಿಲ್ಲ. ಅಂದರೆ ನನಗಿದ್ದ ಜಾಗ ಹೆಚ್ಚುಕಡಿಮೆ 270 ಪದ. ಚಪ್ಪಾಳೆಗೂ ಉಸಿರಿಗೂ ಸ್ವಲ್ಪ ಸಮಯ ಬೇಕು, ಅದನ್ನೂ ಇದರೊಳಗೇ ಲೆಕ್ಕ ಹಾಕಬೇಕು. ಈ ಲೆಕ್ಕ ಗೊತ್ತಾದ ಮೇಲೆ ಹತ್ತು ಹದಿನೈದು ಜನರ ಬಗ್ಗೆ ಮಾತನಾಡುವುದು ಸಾಧ್ಯವೇ ಇಲ್ಲ, ಐದಾರು ಜನರ ಬಗ್ಗೆ ಮಾತ್ರ ಸಾಧ್ಯ ಎಂಬುದು ಖಚಿತವಾಯಿತು.

ಯಾರ ಬಗ್ಗೆ ಮಾತನಾಡಬೇಕೆಂಬುದನ್ನು ನಿರ್ಧರಿಸಲು ನೋಟ್‌ಬುಕ್ಕಿನ ಒಂದು ಪುಟದಲ್ಲಿ ಉದ್ದಕ್ಕೆ ಗೆರೆ ಎಳೆದು, ಎಡಗಡೆ ಹೆಸರುಗಳನ್ನೂ ಬಲಗಡೆ ಅವರು ಮಾಡಿದ ಒಂದು ಕೆಲಸವನ್ನೂ ಬರೆಯುತ್ತ ಹೋದೆ. ‘ಪ್ರೋತ್ಸಾಹ ಕೊಟ್ಟರು’, ‘ಬೆನ್ನೆಲುಬಾಗಿ ನಿಂತರು’, ‘ಆಶೀರ್ವದಿಸಿದರು’ ಎಂಬ ಮಾತುಗಳನ್ನು ಬಲಗಡೆ ಬರೆಯಕೂಡದೆಂದು ನನಗೆ ನಾನೇ ಕಟ್ಟುಮಾಡಿಕೊಂಡೆ, ಏಕೆಂದರೆ ಅವು ಯಾರ ಹೆಸರಿನ ಮುಂದೆಯೂ ಹೊಂದುತ್ತವೆ. ಕಣ್ಣಿಗೆ ಕಾಣುವ, ಕೈಯಿಂದ ಮಾಡಿದ ಕೆಲಸವನ್ನು ಮಾತ್ರ ಬರೆಯಬೇಕು. ಹೀಗೆ ಬರೆದಾಗ ಕೆಲವು ದೊಡ್ಡ ಹೆಸರುಗಳ ಮುಂದೆ ಬಲಗಡೆಯ ಜಾಗ ಖಾಲಿ ಉಳಿಯಿತು. ಅಂಥವರಿಗೆ ಗೌರವದಿಂದ ನಮಸ್ಕಾರ ಹೇಳಿದರೆ ಸಾಕು, ಕಥೆ ಕಟ್ಟಬೇಕಾಗಿಲ್ಲ. ಇನ್ನು ಕೆಲವು ಹೆಸರುಗಳ ಮುಂದೆ ನಾನು ಎಂದೂ ಬಾಯಿಬಿಟ್ಟು ಹೇಳದಿದ್ದ ಸಂಗತಿಗಳು ಬಂದು ಕುಳಿತವು.

ಹೈಸ್ಕೂಲಿನ ಪಿ.ಇ. ಟೀಚರ್ ಮುಂದೆ ನಾನು ಬರೆದದ್ದು ಕುಂಟೆಬಿಲ್ಲೆ ಮತ್ತು ಮರಳಿನ ಗುಂಡಿ. ಟ್ರಿಪಲ್ ಜಂಪ್‌ನಲ್ಲಿ ಓಡಿ ಬಂದು ಹಲಗೆಯನ್ನು ತುಳಿದ ಕಾಲಿನಲ್ಲಿಯೇ ಮೊದಲು ನೆಲಕ್ಕಿಳಿಯಬೇಕು, ಅಂದರೆ ಅದು ಕುಂಟುವ ಜಿಗಿತ. ಆಮೇಲೆ ಇನ್ನೊಂದು ಕಾಲಿಗೆ ಹಾಯಬೇಕು, ಅಲ್ಲಿಂದ ಮರಳಿಗೆ ಹಾರಬೇಕು. ಎಂಟನೇ ತರಗತಿಯಲ್ಲಿ ನಾನು ಕುಂಟೆಬಿಲ್ಲೆ ಆಡುವುದನ್ನು ನೋಡಿ, ಒಂದೇ ಕಾಲಿನಲ್ಲಿ ಹೋದರೂ ಅಳತೆ ತಪ್ಪುವುದಿಲ್ಲ ಎಂಬುದನ್ನು ಗಮನಿಸಿದವರು ಅವರು. ನಮ್ಮ ಶಾಲೆಯಲ್ಲಿ ಆಗ ಮರಳಿನ ಗುಂಡಿಯೇ ಇರಲಿಲ್ಲ, ಪಾಲಕರ ಸಭೆಯಲ್ಲಿ ಕೇಳಿ, ಒಂದು ಟ್ರ್ಯಾಕ್ಟರ್ ಮರಳು ತರಿಸಿ, ಗುಂಡಿ ಮಾಡಿಸಿದವರೂ ಅವರೇ.

ಕಾಲೇಜಿಗೆ ಬಂದ ಮೇಲೆ ಸಿಕ್ಕ ಕೋಚ್ ಸರ್ ಮುಂದೆ ಬರೆಯಬೇಕಾದದ್ದು ಬಹಳ ಇತ್ತು. ನನ್ನ ಮೊದಲ ಜಿಗಿತ ಎತ್ತರಕ್ಕೆ ಹೋಗುತ್ತಿದ್ದುದರಿಂದ ನೆಲಕ್ಕೆ ಬಿದ್ದ ಹೊಡೆತಕ್ಕೆ ವೇಗವೆಲ್ಲ ಕುಸಿದು, ಎರಡನೆಯ ಹೆಜ್ಜೆ ಗಿಡ್ಡವಾಗುತ್ತಿತ್ತು. ಹೊಸಬರಲ್ಲಿ ಹೆಚ್ಚಿನವರಿಗೆ ತೊಡಕಾಗುವುದು ಆ ನಡುವಿನ ಹೆಜ್ಜೆಯೇ. ಅವರು ಮೊದಲ ಜಿಗಿತವನ್ನು ತಗ್ಗಿಸಿ, ಎರಡನೆಯದಕ್ಕೆ ಮೊಣಕಾಲನ್ನು ಮುಂದಕ್ಕೆ ಹಿಡಿದು ಕಾಯುವುದನ್ನು ಒಂದು ಇಡೀ ಮಳೆಗಾಲ ಕಲಿಸಿದರು. ಆದರೆ ಇದನ್ನೆಲ್ಲ ವೇದಿಕೆಯ ಮೇಲೆ ವಿವರಿಸಿದರೆ ಆಟ ಗೊತ್ತಿಲ್ಲದವರಿಗೆ ಏನೂ ತಿಳಿಯುವುದಿಲ್ಲ. ಹಾಗಾಗಿ ಯಾರಿಗಾದರೂ ಕಣ್ಣಿಗೆ ಕಟ್ಟುವ ಒಂದೇ ಗಳಿಗೆಯನ್ನು ಆರಿಸಿಕೊಂಡೆ.

ಆ ಗಳಿಗೆ ಹೀಗಿತ್ತು. ಸ್ಪರ್ಧೆಯ ದಿನ ಓಟದ ಹಾದಿಯ ಮೇಲೆ ಹಿಂದಿನಿಂದ ಗಾಳಿ ಬೀಸುತ್ತಿತ್ತು. ಗಾಳಿಗೆ ಓಟದ ವೇಗ ಹೆಚ್ಚಿ, ಪ್ರತಿ ಹೆಜ್ಜೆಯೂ ಸ್ವಲ್ಪ ಸ್ವಲ್ಪ ಉದ್ದವಾಗಿ, ಹಲಗೆಯ ಹತ್ತಿರ ಬರುವಷ್ಟರಲ್ಲಿ ಪಾದ ಗೆರೆಯ ಆಚೆಗೆ ಬೀಳುತ್ತಿತ್ತು. ಮೊದಲ ಎರಡು ಜಿಗಿತಗಳಿಗೂ ಕೆಂಪು ಬಾವುಟ ಎದ್ದಿತು. ಮೊದಲ ಮೂರು ಅವಕಾಶಗಳಲ್ಲಿ ಒಂದಾದರೂ ಸರಿಯಾದ ಜಿಗಿತ ದಾಖಲಾಗಿ, ಮೊದಲ ಎಂಟು ಜನರೊಳಗೆ ಬಂದರೆ ಮಾತ್ರ ಉಳಿದ ಮೂರು ಅವಕಾಶ ಸಿಗುತ್ತವೆ. ಕೋಚ್‌ಗಳು ಸ್ಪರ್ಧೆಯ ಅಂಕಣದೊಳಗೆ ಬರುವಂತಿಲ್ಲ, ಹೊರಗಿನಿಂದ ಹೇಳಬಹುದು. ಸರ್ ಕಟ್ಟೆಯ ಮೇಲೆ ನಿಂತು ತಮ್ಮ ಬೂಟನ್ನು ತೋರಿಸಿದರು, ಒಂದು ಬೆರಳನ್ನು ಎತ್ತಿದರು, ಅಂಗೈಯನ್ನು ಹಿಂದಕ್ಕೆ ಸರಿಸಿದರು. ಓಟ ಆರಂಭಿಸುವ ಗುರುತನ್ನು ಒಂದು ಪಾದದಷ್ಟು ಹಿಂದಕ್ಕೆ ಇಡು ಎಂಬುದು ಅದರ ಅರ್ಥ. ಹಾಗೆಯೇ ಮಾಡಿದೆ, ಮೂರನೆಯ ಜಿಗಿತಕ್ಕೆ ಬಿಳಿ ಬಾವುಟ ಎದ್ದಿತು, ಐದನೆಯದರಲ್ಲಿ 10 ಮೀಟರ್ ದಾಟಿ ಎರಡನೆಯ ಸ್ಥಾನಕ್ಕೆ ಬಂದೆ. ಸರ್ ಬಗ್ಗೆ ನಾನು ಇದಿಷ್ಟನ್ನೇ ಹೇಳಬೇಕೆಂದು ನಿರ್ಧರಿಸಿದೆ, ಏಕೆಂದರೆ ಅವರ ಕಲಿಸುವಿಕೆಯ ಸ್ವಭಾವವೆಲ್ಲ ಆ ಮೂರು ಸನ್ನೆಗಳಲ್ಲಿ ಇದೆ.

ಇಬ್ಬರು ಗುರುಗಳಿದ್ದಾಗ ಒಂದು ಸೂಕ್ಷ್ಮವಿರುತ್ತದೆ. ಕೋಚ್ ಸರ್ ವೇದಿಕೆಯ ಮೇಲೆ ಕುಳಿತಿರುತ್ತಾರೆ, ಹೈಸ್ಕೂಲಿನ ಟೀಚರ್ ಸಭಿಕರ ನಡುವೆ ಇರುತ್ತಾರೆ. ವೇದಿಕೆಯ ಮರ್ಯಾದೆಯ ಪ್ರಕಾರ ಸರ್ ಹೆಸರು ಮೊದಲು ಬರಬೇಕು, ನಡೆದದ್ದರ ಪ್ರಕಾರ ಟೀಚರ್ ಮೊದಲು ಬರಬೇಕು. ನಾನು ನಡೆದ ಕ್ರಮವನ್ನೇ ಇಟ್ಟುಕೊಂಡೆ. ಕಾಲಕ್ರಮದಲ್ಲಿ ಹೇಳಿದಾಗ ಯಾರು ದೊಡ್ಡವರು ಎಂಬ ಪ್ರಶ್ನೆ ಹುಟ್ಟುವುದಿಲ್ಲ, ಒಬ್ಬರ ಕೆಲಸದ ಮೇಲೆ ಇನ್ನೊಬ್ಬರ ಕೆಲಸ ನಿಂತಿದೆ ಎಂಬುದಷ್ಟೇ ಕೇಳುವವರಿಗೆ ತಿಳಿಯುತ್ತದೆ. ‘ಎಲ್ಲರಿಗಿಂತ ಹೆಚ್ಚಾಗಿ’, ‘ನಿಜವಾದ ಗುರು’ ಎಂಬಂಥ ಮಾತನ್ನು ಇಬ್ಬರ ಬಗ್ಗೆಯೂ ಬಳಸಲಿಲ್ಲ, ಏಕೆಂದರೆ ಒಬ್ಬರ ಬಗ್ಗೆ ಹಾಗೆ ಹೇಳಿದರೆ ಇನ್ನೊಬ್ಬರನ್ನು ಅಲ್ಲಿಯೇ ಕೆಳಗಿಳಿಸಿದಂತೆ. ಟ್ರಿಪಲ್ ಜಂಪ್‌ನ ಮೂರು ಭಾಗಗಳನ್ನು ಮೂವರಿಗೆ ಹಂಚಿ, ಮೊದಲ ಜಿಗಿತ ಟೀಚರದ್ದು, ಎರಡನೆಯ ಹೆಜ್ಜೆ ಸರ್ ಅವರದ್ದು, ಮೂರನೆಯದು ಅಪ್ಪ-ಅವ್ವನದ್ದು ಎಂದು ಹೇಳುವ ಯೋಚನೆಯೂ ಬಂದಿತ್ತು. ಗುರುಗಳಿಬ್ಬರ ಮಟ್ಟಿಗೆ ಅದು ನಿಜವಾದ ಮಾತೇ ಆಗಿತ್ತು. ಆದರೆ ಅಪ್ಪ-ಅವ್ವ ನನಗೆ ಹಾರುವುದನ್ನು ಕಲಿಸಿದವರಲ್ಲ, ಅವರು ಮಾಡಿದ್ದು ಬೇರೆಯೇ ಕೆಲಸ. ಆದ್ದರಿಂದ ಅಂದವಾಗಿ ಕಂಡರೂ ಆ ಹಂಚಿಕೆಯನ್ನು ಕೈಬಿಟ್ಟೆ.

ಮನೆಯವರ ಬಗ್ಗೆ ಬರೆಯುವುದಕ್ಕೆ ಮೊದಲು ಅವರನ್ನು ಕೇಳಿದೆ. ಇದು ಬಹಳ ಅಗತ್ಯವೆಂದು ನನ್ನ ಅನುಭವ. ವೇದಿಕೆಯ ಮೇಲಿನಿಂದ ನಾವು ಹೇಳುವ ಸಂಗತಿ ನಮ್ಮದೊಂದೇ ಅಲ್ಲ, ಅದು ಅವರ ಬದುಕು, ಮರುದಿನ ಅವರೇ ಊರಿನವರ ಮುಂದೆ ಓಡಾಡಬೇಕು. ರಾತ್ರಿ ರೊಟ್ಟಿ ಬಡಿಯುತ್ತಿದ್ದ ಅವ್ವನ ಹತ್ತಿರ ಕುಳಿತು, “ಅವ್ವಾ, ಸಭಾದಾಗ ನಿನ್ನ ಬಗ್ಗೆ ಏನ್ ಹೇಳ್ಲಿ?” ಎಂದು ಕೇಳಿದೆ.

“ನನ್ನ ಸುದ್ದಿ ಯಾಕ ಬೇಕವಾ ಅಲ್ಲೆ? ಕಲಿಸಿದವರ ಸುದ್ದಿ ಹೇಳು, ಸಾಕು.”

“ನೀ ಮಾಡಿದ್ದೂ ಹೇಳಬೇಕಲ್ಲ?”

“ಹೇಳೂದಾದ್ರ ಹೇಳು. ಬೂಟಿಗೆ ಅಂತ ನಿಮ್ಮಪ್ಪ ಸಾಲ ಮಾಡಿದ್ದು ಮಾತ್ರ ಹೇಳಬ್ಯಾಡ. ಅದು ಮನಿ ಮಾತು.”

ಸ್ಪೈಕ್ಸ್ ಬೂಟಿಗೆ ಮಾಡಿದ ಸಾಲ ನನ್ನ ಪುಟದಲ್ಲಿ ಅಪ್ಪನ ಹೆಸರಿನ ಮುಂದೆ ಬರೆದಿದ್ದ ಮೊದಲ ಸಂಗತಿಯಾಗಿತ್ತು. ಅವ್ವನ ಮಾತು ಕೇಳಿದ ಮೇಲೆ ಅದನ್ನು ಹೊಡೆದುಹಾಕಿದೆ. ಬಡತನವನ್ನು ಹೇಳಿದರೆ ಸಭೆ ಕರಗುತ್ತದೆ ಎಂಬುದು ನಿಜ, ಆದರೆ ಕರಗಿದ ಸಭೆಯ ಎದುರು ಅಪ್ಪ ತಲೆ ತಗ್ಗಿಸಿ ಕುಳಿತಿರಬೇಕಾಗುತ್ತದೆ. ಈಗ ಇದನ್ನು ಬರೆಯುತ್ತಿರುವುದು ಸಾಲ ತೀರಿದ ಮೇಲೆ, ಅಪ್ಪ ಒಪ್ಪಿದ ಮೇಲೆ. ಹಾಗೆಯೇ ಹುಡುಗಿ ಚಡ್ಡಿ ಹಾಕಿಕೊಂಡು ಮೈದಾನದಲ್ಲಿ ಹಾರುವುದು ಸರಿಯಲ್ಲವೆಂದು ಮನೆಗೆ ಬಂದು ಹೇಳಿ ಹೋದ ಸಂಬಂಧಿಕರ ಬಗ್ಗೆಯೂ ಏನನ್ನೂ ಹೇಳಬಾರದೆಂದು ತೀರ್ಮಾನಿಸಿದೆ. ಹೆಸರು ಹೇಳದಿದ್ದರೂ ಊರಿನವರಿಗೆ ಯಾರೆಂದು ತಿಳಿಯುತ್ತದೆ, ಆಗ ಗುರುಗಳ ಮತ್ತು ಅಪ್ಪ-ಅವ್ವನ ಹೆಸರಿಗಿಂತ ಅವರ ಹೆಸರೇ ಸಭಿಕರ ಬಾಯಲ್ಲಿ ಉಳಿದುಬಿಡುತ್ತದೆ.

ಹಾಗಾದರೆ ಅಪ್ಪನ ಬಗ್ಗೆ ಏನು ಹೇಳಬೇಕು? ಅಪ್ಪ ಮಾಡಿದ್ದು ಕಾಯುವ ಕೆಲಸ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನನಗೆ ಬಸ್ಸಿನ ಖರ್ಚು ಇರಲಿಲ್ಲ. ಆದರೆ ಅಭ್ಯಾಸ ಮುಗಿಸಿ ಹೊರಟರೆ ಬಸ್ಸು ನಮ್ಮ ಊರಿನ ಕ್ರಾಸಿಗೆ ಬರುವಷ್ಟರಲ್ಲಿ ಕತ್ತಲಾಗಿರುತ್ತಿತ್ತು, ಕ್ರಾಸಿನಿಂದ ಊರಿಗೆ ಹೊಲಗಳ ನಡುವಿನ ಹಾದಿ. ಅಪ್ಪ ಪ್ರತಿ ಸಂಜೆ ಬ್ಯಾಟರಿ ಹಿಡಿದು ಕ್ರಾಸಿನಲ್ಲಿ ನಿಂತಿರುತ್ತಿದ್ದರು. ಬಸ್ಸು ತಡವಾದರೆ ಅವರೂ ತಡವಾಗುವವರೆಗೆ ನಿಲ್ಲುತ್ತಿದ್ದರು. ನನ್ನ ಅಭ್ಯಾಸದ ಸಮಯ ನಿಜವಾಗಿ ನಿಂತದ್ದು ಅದರ ಮೇಲೆಯೇ, ಅಪ್ಪ ಬರದಿದ್ದರೆ ನಾನು ನಾಲ್ಕು ಗಂಟೆಯ ಬಸ್ಸಿಗೇ ಹೊರಡಬೇಕಾಗುತ್ತಿತ್ತು.

ಅವ್ವನ ಕೆಲಸ ಊರಿನವರಿಗೆ ಮಾತ್ರ ಪೂರ್ತಿಯಾಗಿ ಅರ್ಥವಾಗುವಂಥದ್ದು. ಹಿರೇಕೆರೂರು ತಾಲೂಕಿನ ನಮ್ಮ ಊರಿನಲ್ಲಿ ಗೋವಿನಜೋಳದ ಕಳೆ ತೆಗೆಯುವುದು ಇಂದಿಗೂ ಬಹುಮಟ್ಟಿಗೆ ಮುಯ್ಯಿಯ ಮೇಲೆ ನಡೆಯುತ್ತದೆ. ನಮ್ಮ ಹೊಲಕ್ಕೆ ಒಂದು ಮನೆಯಿಂದ ಎರಡು ಆಳು ಬಂದರೆ, ಅವರ ಹೊಲಕ್ಕೆ ನಮ್ಮ ಮನೆಯಿಂದ ಎರಡು ಆಳು ಹೋಗಿ ತೀರಿಸಬೇಕು. ನಮ್ಮ ಮನೆಯ ಎರಡನೆಯ ಆಳು ನಾನು. ಕಳೆ ತೆಗೆಯುವ ಕಾಲವೂ ಅಭ್ಯಾಸ ಬಿರುಸಾಗುವ ಕಾಲವೂ ಒಂದೇ ಆದ್ದರಿಂದ ನನ್ನ ಪಾಲಿನ ಮುಯ್ಯಿಯನ್ನು ಅವ್ವ ಒಬ್ಬಳೇ ತೀರಿಸಿದಳು. ಎಲ್ಲರೂ ಮನೆಯಲ್ಲಿರುವ ದಿನವೂ ಅವಳು ಇನ್ನೊಬ್ಬರ ಹೊಲಕ್ಕೆ ಹೋಗುತ್ತಿದ್ದಳು. ಇದನ್ನು ಹೇಳಬಹುದೇ ಎಂದು ಕೇಳಿದಾಗ, ಇದರಲ್ಲಿ ಮರೆಮಾಚುವಂಥದ್ದೇನಿದೆ ಎಂದಳು. ಅಣ್ಣನನ್ನು ಕೇಳುವ ಅಗತ್ಯ ಬೀಳಲಿಲ್ಲ, ಅವನೇ ತನ್ನ ಹೆಸರು ಬರಲೇಬೇಕೆಂದು ಮೊದಲೇ ಹೇಳಿಬಿಟ್ಟಿದ್ದ. ಮಳೆ ಬಿದ್ದ ಮೇಲೆ ಗುಂಡಿಯ ಮರಳು ಗಟ್ಟಿಯಾಗುತ್ತದೆ, ಅದರ ಮೇಲೆ ಬಿದ್ದರೆ ಹಿಮ್ಮಡಿಗೂ ಸೊಂಟಕ್ಕೂ ಪೆಟ್ಟು. ಸಲಿಕೆ ಹಿಡಿದು ಅದನ್ನು ಮೊಣಕಾಲಿನ ಆಳದವರೆಗೆ ಕೆದಕಿ ಸಡಿಲ ಮಾಡಿಕೊಡುತ್ತಿದ್ದವನು ಅವನು.

ಭಾಷೆಯ ವಿಷಯದಲ್ಲಿಯೂ ಯೋಚಿಸಬೇಕಾಯಿತು. ಸಭೆಯಲ್ಲಿ ಪುಸ್ತಕದ ಕನ್ನಡವನ್ನೇ ಆಡುವುದು ರೂಢಿ, ಗುರುಗಳ ಬಗ್ಗೆ ಹೇಳುವಾಗ ಅದೇ ಸರಿಯೆಂದು ನನಗೂ ಅನ್ನಿಸಿತು. ಆದರೆ ಅವ್ವನ ಬಗ್ಗೆ ಅದೇ ಧಾಟಿಯಲ್ಲಿ ಬರೆದು ಓದಿದಾಗ ಅದು ಯಾರೋ ಬೇರೆ ತಾಯಿಯ ಕಥೆಯಂತೆ ಕೇಳಿಸಿತು. ಆ ನಾಲ್ಕು ವಾಕ್ಯಗಳನ್ನು ಮನೆಯ ಮಾತಿನಲ್ಲಿಯೇ ಇಟ್ಟೆ.

ಯಾವ ಮಾತು ಎಲ್ಲಿ ಬರಬೇಕೆಂಬುದಕ್ಕೆ ಒಂದು ಕಾರಣವಿತ್ತು. ಅವ್ವನ ಮಾತು ಬಂದಾಗ ನನ್ನ ಗಂಟಲು ಕಟ್ಟುತ್ತದೆ ಎಂಬುದು ಅಭ್ಯಾಸ ಮಾಡುವಾಗಲೇ ಗೊತ್ತಾಗಿತ್ತು. ಅದನ್ನು ಕೊನೆಗೆ ಇಟ್ಟರೆ ಅಳುತ್ತಲೇ ಕೆಳಗಿಳಿಯಬೇಕಾಗುತ್ತದೆ, ಆರಂಭದಲ್ಲಿ ಇಟ್ಟರೆ ಗುರುಗಳ ಬಗ್ಗೆ ಹೇಳಬೇಕಾದದ್ದು ಅಳುವಿನಲ್ಲಿ ಹೋಗುತ್ತದೆ. ಆದ್ದರಿಂದ ಗುರುಗಳಿಬ್ಬರ ಮಾತು ಮುಗಿದ ಮೇಲೆ ಅವ್ವನನ್ನು ಇಟ್ಟು, ಅವಳ ನಂತರ ಅಪ್ಪ ಮತ್ತು ಅಣ್ಣನ ಒಂದೊಂದು ಗಿಡ್ಡ ವಾಕ್ಯವನ್ನು ಇಟ್ಟೆ. ಆ ಗಿಡ್ಡ ವಾಕ್ಯಗಳಲ್ಲಿ ಉಸಿರು ತಹಬಂದಿಗೆ ಬರುತ್ತದೆ. ಕೊನೆಗೆ ಚಿನ್ನ ಗೆದ್ದ ಹುಡುಗಿಯ ಬಗ್ಗೆಯೂ ಮುಂದಿನ ಅಭ್ಯಾಸದ ಬಗ್ಗೆಯೂ ಹೇಳಿ ಮುಗಿಸುವುದೆಂದು ಗೊತ್ತುಮಾಡಿದೆ. ಕೊನೆಗೆ ಸಿದ್ಧವಾದ ಮಾತು ಇದು.

“ವೇದಿಕೆಯ ಮೇಲಿರುವ ಪ್ರಾಚಾರ್ಯರಿಗೆ, ಎಲ್ಲ ಗಣ್ಯರಿಗೆ, ನನ್ನ ಗುರುಗಳಿಗೆ, ಎದುರಿಗೆ ಕುಳಿತಿರುವ ಹಿರಿಯರಿಗೆ ಮತ್ತು ಗೆಳತಿ-ಗೆಳೆಯರಿಗೆ ನನ್ನ ನಮಸ್ಕಾರಗಳು.

“ನಾನು ಎಂಟನೇ ತರಗತಿಯಲ್ಲಿದ್ದಾಗ ಊಟದ ಬಿಡುವಿನಲ್ಲಿ ಕುಂಟೆಬಿಲ್ಲೆ ಆಡುವುದನ್ನು ನಮ್ಮ ಹೈಸ್ಕೂಲಿನ ಪಿ.ಇ. ಟೀಚರ್ ನೋಡಿದರು. ಮರುದಿನವೇ ಮೈದಾನದಲ್ಲಿ ಸುಣ್ಣದ ಗೆರೆಗಳನ್ನು ಎಳೆದು, ಗೆರೆಯಿಂದ ಗೆರೆಗೆ ಒಂದೇ ಕಾಲಿನಲ್ಲಿ ಹೋಗು ಎಂದರು. ಆಗ ನಮ್ಮ ಶಾಲೆಯಲ್ಲಿ ಮರಳಿನ ಗುಂಡಿ ಇರಲಿಲ್ಲ. ಪಾಲಕರನ್ನು ಕೇಳಿ ಅದನ್ನು ಮಾಡಿಸಿದವರು ಅವರೇ. ಟೀಚರ್, ನೀವು ಅಂದು ಆಟ ನೋಡಿ ಸುಮ್ಮನೆ ಹೋಗಿದ್ದರೆ ಟ್ರಿಪಲ್ ಜಂಪ್ ಎಂಬ ಸ್ಪರ್ಧೆ ಇದೆ ಎಂಬುದೇ ನನಗೆ ತಿಳಿಯುತ್ತಿರಲಿಲ್ಲ. ನಿಮಗೆ ನನ್ನ ಧನ್ಯವಾದಗಳು.

“ಜಿಲ್ಲಾ ಕೂಟದಲ್ಲಿ ನನ್ನ ಮೊದಲ ಎರಡು ಜಿಗಿತಗಳಿಗೆ ಕೆಂಪು ಬಾವುಟ ಎದ್ದಿತು. ಮೂರನೆಯದೂ ಹಾಗೆಯೇ ಆಗಿದ್ದರೆ ನಾನು ಹೊರಗೆ ಬರಬೇಕಿತ್ತು. ಕಟ್ಟೆಯ ಮೇಲೆ ನಿಂತಿದ್ದ ಕೋಚ್ ಸರ್ ಕೂಗಲಿಲ್ಲ, ಬೈಯಲಿಲ್ಲ. ತಮ್ಮ ಬೂಟನ್ನು ತೋರಿಸಿ, ಒಂದು ಬೆರಳೆತ್ತಿ, ಹಿಂದಕ್ಕೆ ಸರಿ ಎಂದು ಕೈ ಮಾಡಿದರು. ಗುರುತನ್ನು ಒಂದು ಪಾದ ಹಿಂದಕ್ಕೆ ಇಟ್ಟು ಓಡಿದೆ. ಬಿಳಿ ಬಾವುಟ ಎದ್ದಿತು. ಆ ಒಂದು ಪಾದ ಎಷ್ಟೆಂದು ಗೊತ್ತಾಗಲು ಸರ್ ಎರಡು ವರ್ಷ ನನ್ನ ಪ್ರತಿ ಹೆಜ್ಜೆಯನ್ನೂ ನೋಡಿದ್ದಾರೆ. ಸರ್, ನಿಮಗೆ ನನ್ನ ಧನ್ಯವಾದಗಳು.

“ನಮ್ಮವ್ವ ಇಲ್ಲೇ ಕುಂತಾಳ. ಮಳಿಗಾಲದಾಗ ಕಳೆ ತೆಗಿಯೂ ಹೊತ್ತಿಗೆ ನಾ ಗ್ರೌಂಡಿಗೆ ಬರ್ತಿದ್ದೆ, ನನ್ನ ಪಾಲಿನ ಮುಯ್ಯಿ ಎಲ್ಲಾ ನಮ್ಮವ್ವ ತೀರಿಸ್ಯಾಳ. ಒಂದ್ ದಿನಾನೂ ಇವತ್ತ ಹೋಗಬ್ಯಾಡ ಅಂದಿಲ್ಲ. ಅವ್ವಾ, ಇದು ನಿನಗ ಗೊತ್ತೈತಿ, ಇವರಿಗೂ ಗೊತ್ತಾಗ್ಲಿ ಅಂತ ಹೇಳಾಕತ್ತೀನಿ.

“ಪ್ರತಿ ಸಂಜೆ ನಮ್ಮೂರ ಕ್ರಾಸಿನಲ್ಲಿ ಬ್ಯಾಟರಿ ಹಿಡಿದು ನನಗಾಗಿ ನಿಂತವರು ನಮ್ಮ ಅಪ್ಪ. ಮಳೆಗೆ ಗಟ್ಟಿಯಾದ ಮರಳನ್ನು ಸಲಿಕೆಯಿಂದ ಕೆದಕಿ ಕೊಟ್ಟವನು ನಮ್ಮ ಅಣ್ಣ. ಇಬ್ಬರಿಗೂ ಧನ್ಯವಾದಗಳು.

“ಚಿನ್ನ ಗೆದ್ದ ಗೆಳತಿ ಬೇರೆ ತಾಲೂಕಿನವಳು. ನಾನು ಓಟದ ಗುರುತು ಅಳೆಯುವಾಗ ಟೇಪಿನ ಇನ್ನೊಂದು ತುದಿಯನ್ನು ಹಿಡಿದವಳು ಅವಳೇ. ಅವಳಿಗೂ ಇಲ್ಲಿಂದಲೇ ಧನ್ಯವಾದ ಹೇಳುತ್ತೇನೆ.

“ರಾಜ್ಯ ಮಟ್ಟದ ಕೂಟಕ್ಕೆ ನಾಳೆಯಿಂದ ಮತ್ತೆ ಅಭ್ಯಾಸ. ಹಾರುವುದನ್ನು ಕಲಿಯಬೇಕೆನ್ನುವ ತಂಗಿಯರು ಸಂಜೆ ಗುಂಡಿಯ ಹತ್ತಿರ ಬನ್ನಿ. ನಮಸ್ಕಾರ.”

ಇದನ್ನು ಬಾಯಿಪಾಠ ಮಾಡಲಿಲ್ಲ. ಬಾಯಿಪಾಠ ಮಾಡಿದವರು ಒಂದು ಪದ ಮರೆತರೆ ಇಡೀ ಮಾತು ಅಲ್ಲಿಯೇ ನಿಲ್ಲುವುದನ್ನು ಭಾಷಣ ಸ್ಪರ್ಧೆಗಳಲ್ಲಿ ಬಹಳ ನೋಡಿದ್ದೇನೆ. ಹಾಗೆಂದು ಕಾಗದ ನೋಡಿ ಓದಲೂ ಇಲ್ಲ, ಏಕೆಂದರೆ ಓದುವಾಗ ಕಣ್ಣು ಕಾಗದದ ಮೇಲೆ ಇರುತ್ತದೆ, ಧನ್ಯವಾದ ಹೇಳುವಾಗ ಕಣ್ಣು ಆ ಮನುಷ್ಯರ ಮೇಲೆ ಇರಬೇಕು. ಅಂಗೈಯಷ್ಟು ರಟ್ಟಿನ ಮೇಲೆ ‘ಕುಂಟೆಬಿಲ್ಲೆ, ಬೂಟು, ಮುಯ್ಯಿ, ಬ್ಯಾಟರಿ, ಸಲಿಕೆ, ಟೇಪು, ರಾಜ್ಯ ಮಟ್ಟ’ ಎಂದಷ್ಟೇ ದಪ್ಪ ಅಕ್ಷರಗಳಲ್ಲಿ ಬರೆದುಕೊಂಡೆ. ಪ್ರತಿಯೊಬ್ಬರ ಬಗ್ಗೆಯೂ ಒಂದು ವಸ್ತುವೋ ಒಂದು ಕೆಲಸವೋ ಇದ್ದುದರಿಂದ ಅದರ ಹೆಸರು ಕಂಡ ಕೂಡಲೇ ವಾಕ್ಯಗಳು ತಾವಾಗಿ ಬರುತ್ತಿದ್ದವು. ‘ಪ್ರೋತ್ಸಾಹ’ ಎಂದು ಬರೆದುಕೊಂಡಿದ್ದರೆ ಯಾರ ಮಾತೂ ಹೀಗೆ ನೆನಪಿಗೆ ಬರುತ್ತಿರಲಿಲ್ಲ.

ಅಭ್ಯಾಸಕ್ಕೆ ಮರಳಿನ ಗುಂಡಿಯ ಹತ್ತಿರವೇ ನಿಂತು, ಅಣ್ಣನನ್ನು ಓಟದ ಹಾದಿಯ ಆಚೆ ತುದಿಗೆ ಕಳುಹಿಸಿ, ಅವನಿಗೆ ಕೇಳಿಸುವಂತೆ ಹೇಳಿದೆ. ಕೇಳಿಸದ ಕಡೆ ಅವನು ಕೈ ಎತ್ತುತ್ತಿದ್ದ. ಹೆಚ್ಚಾಗಿ ಅವನು ಕೈ ಎತ್ತಿದ್ದು ವಾಕ್ಯಗಳ ಕೊನೆಯಲ್ಲಿ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ, ಉಸಿರು ಮುಗಿದು ದನಿ ಇಳಿದರೆ ಯಾರು ಏನು ಮಾಡಿದರು ಎಂಬ ಮುಖ್ಯ ಭಾಗವೇ ಕೇಳಿಸದೆ ಹೋಗುತ್ತದೆ. ‘ಮಾಡಿಸಿದವರು ಅವರೇ’, ‘ಕೈ ಮಾಡಿದರು’ ಎಂಬ ಕೊನೆಗಳನ್ನು ಎತ್ತಿ ಹೇಳುವುದನ್ನು ರೂಢಿ ಮಾಡಿಕೊಂಡೆ. ಉದ್ದ ವಾಕ್ಯಗಳಲ್ಲಿ ಕೆಲವನ್ನು ಎರಡಾಗಿ ಮುರಿದದ್ದೂ ಈ ಕಾರಣದಿಂದಲೇ.

ಸಮಾರಂಭದ ದಿನ ಒಂದು ಚಿಕ್ಕ ಸಂಗತಿ ಮೊದಲೇ ಗಮನಕ್ಕೆ ಬಂದದ್ದು ಒಳ್ಳೆಯದಾಯಿತು. ಕೊರಳಲ್ಲಿ ಪದಕ ಹಾಕಿಕೊಂಡೇ ಮಾತನಾಡಬೇಕೆಂದು ನಿರೂಪಕರು ಹೇಳಿದ್ದರು. ನನಗಿಂತ ಮೊದಲು ಮಾತನಾಡಿದ ಕಬಡ್ಡಿ ತಂಡದ ನಾಯಕಿ ಮೈಕಿನತ್ತ ಬಾಗಿದಾಗಲೆಲ್ಲ ಅವಳ ಪದಕ ಸ್ಟ್ಯಾಂಡಿಗೆ ತಗುಲಿ ಠಣ್ ಎಂದು ಸಭೆಯ ತುಂಬ ಕೇಳುತ್ತಿತ್ತು. ನಾನು ಎಡಗೈಯಲ್ಲಿ ಪದಕವನ್ನು ಎದೆಗೆ ಒತ್ತಿ ಹಿಡಿದು, ಬಲಗೈಯಲ್ಲಿ ರಟ್ಟನ್ನು ಹಿಡಿದು ನಿಂತೆ. ಕೈಗಳಿಗೆ ಕೆಲಸ ಸಿಕ್ಕಿದ್ದರಿಂದ ನಡುಕವೂ ಕಡಿಮೆಯಾಯಿತು.

ಟೀಚರ್ ಬಗ್ಗೆ ಹೇಳಿದಾಗ ಅವರು ಎಲ್ಲಿ ಕುಳಿತಿದ್ದಾರೆಂದು ಎಲ್ಲರೂ ತಿರುಗಿ ನೋಡಿದರು, ಪ್ರಾಚಾರ್ಯರು ಅವರನ್ನು ಎದ್ದು ನಿಲ್ಲುವಂತೆ ಕೇಳಿಕೊಂಡರು. ಆ ಚಪ್ಪಾಳೆ ಮುಗಿಯುವವರೆಗೆ ನಾನು ಸುಮ್ಮನೆ ನಿಂತೆ. ಚಪ್ಪಾಳೆಯ ಮೇಲೆ ಮಾತನಾಡಿದರೆ ಮುಂದಿನ ವ್ಯಕ್ತಿಯ ಮೊದಲ ವಾಕ್ಯ ಕಳೆದುಹೋಗುತ್ತದೆ, ನನ್ನ ಮಟ್ಟಿಗೆ ಆ ಮುಂದಿನ ವ್ಯಕ್ತಿ ಕೋಚ್ ಸರ್ ಆಗಿದ್ದರು. ಸರ್ ಬೂಟು ತೋರಿಸಿದ್ದನ್ನು ಹೇಳುವಾಗ ನಾನೂ ಬೆರಳೆತ್ತಿ, ಅಂಗೈಯನ್ನು ಹಿಂದಕ್ಕೆ ಸರಿಸಿ ತೋರಿಸಿದೆ. ಆಟದ ಬಗ್ಗೆ ಏನೂ ಗೊತ್ತಿಲ್ಲದ ಹಿರಿಯರಿಗೂ ಅದು ತಿಳಿಯಿತೆಂಬುದು ಅವರ ಮುಖದಿಂದಲೇ ಗೊತ್ತಾಗುತ್ತಿತ್ತು. ಅವ್ವನ ಮಾತಿಗೆ ಗಂಟಲು ಕಟ್ಟಿತು. ಆದರೆ ಮನೆಯ ಮಾತಿನಲ್ಲಿದ್ದುದರಿಂದ ಪದಗಳಿಗಾಗಿ ಹುಡುಕಬೇಕಾಗಲಿಲ್ಲ, ಒಂದು ಉಸಿರು ಎಳೆದುಕೊಂಡು ಮುಂದುವರಿದೆ. ಅಪ್ಪನ ವಾಕ್ಯಕ್ಕೆ ಬರುವಷ್ಟರಲ್ಲಿ ದನಿ ಸರಿಯಾಗಿತ್ತು. ಚಪ್ಪಾಳೆಗಳೂ ಸೇರಿ ಮೂರೂವರೆ ನಿಮಿಷದ ಹತ್ತಿರ ಆಯಿತೆಂದು ಧ್ವನಿಮುದ್ರಣ ಮಾಡಿದ್ದ ಅಣ್ಣ ಹೇಳಿದ.

ಇಷ್ಟಾದರೂ ನನ್ನ ಪುಟದ ಎಡಗಡೆ ಇನ್ನೂ ಕೆಲವು ಹೆಸರುಗಳು ಉಳಿದಿದ್ದವು, ಅವುಗಳ ಮುಂದೆ ಬಲಗಡೆಯೂ ತುಂಬಿತ್ತು. ಸಂಜೆ ಗೇಟು ಮುಚ್ಚುವ ಸಮಯವಾದರೂ ನಮ್ಮ ಅಭ್ಯಾಸ ಮುಗಿಯಲೆಂದು ಕಾಯುತ್ತಿದ್ದ ಮೈದಾನದ ಕಾವಲುಗಾರರು, ಕತ್ತಲಲ್ಲಿ ಬಸ್ಸನ್ನು ಕ್ರಾಸಿನಿಂದ ಮುಂದೆ ಹೋಗಗೊಡದೆ ಅಪ್ಪ ನಿಂತ ಜಾಗದ ಎದುರಿಗೇ ನಿಲ್ಲಿಸುತ್ತಿದ್ದ ಕಂಡಕ್ಟರ್, ನಾನು ಕೂಟಕ್ಕೆ ಹೋದಾಗ ತಪ್ಪಿದ ಅಕೌಂಟೆನ್ಸಿ ಪಾಠಗಳನ್ನು ಬರೆದುಕೊಟ್ಟ ಗೆಳತಿ. ಇವರನ್ನು ಮೂರು ನಿಮಿಷದೊಳಗೆ ತುರುಕಿದ್ದರೆ ಬರೀ ಹೆಸರುಗಳಾಗಿ ಹೋಗುತ್ತಿದ್ದರು. ಕಾವಲುಗಾರರನ್ನೂ ಗೆಳತಿಯನ್ನೂ ಆ ವಾರದಲ್ಲಿಯೇ ಕಂಡು, ಸಭೆಯಲ್ಲಿ ಹೇಳಿದ ರೀತಿಯಲ್ಲಿಯೇ, ಅವರು ಮಾಡಿದ್ದು ಏನು, ಅದರಿಂದ ನನಗೆ ಏನಾಯಿತು ಎಂಬುದನ್ನು ಎರಡು ವಾಕ್ಯಗಳಲ್ಲಿ ಹೇಳಿದೆ. ಕಂಡಕ್ಟರ್ ಬೇರೆ ಮಾರ್ಗಕ್ಕೆ ಹೋಗಿದ್ದರು, ಆದ್ದರಿಂದ ಹಿರೇಕೆರೂರಿನ ಬಸ್ ನಿಲ್ದಾಣದಲ್ಲಿ ವಿಚಾರಿಸಿ, ಅವರ ಬಸ್ಸು ಬರುವ ವೇಳೆ ತಿಳಿದುಕೊಂಡು, ಅಪ್ಪನನ್ನೂ ಕರೆದುಕೊಂಡು ಹೋಗಿ ಮಾತನಾಡಿಸಿ ಬಂದೆ.